ಎಟಿಎಂ ದುಡ್ಡು ಕೊಡ್ಲಿಲ್ಲ, ಬ್ಯಾಂಕ್ ‘ಸಕ್ಸಸ್‌ಫುಲ್’ ಅಂತು: ಪೋರ್ಟಲಲ್ಲಿ ಎರಡನೇ ದೂರು ಬರೆಯೋದು ಹೇಗೆ

ಪ್ರಶ್ನೆ: ಸರ್ ನಮಸ್ಕಾರ, ನಮ್ದು ಹೊಸನಗರ ಹತ್ರ. ಜೂನ್ 18ಕ್ಕೆ ಸಾಗರದಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲಿ ಹತ್ತು ಸಾವಿರ ತೆಗಿಯಕ್ಕೆ ಹೋದೆ, ಮಷೀನ್ ಎಣಿಸೋ ಸೌಂಡ್ ಬಂತು, ಅಷ್ಟ್ರಲ್ಲಿ ಕರೆಂಟ್ ಹೋಯ್ತು, ದುಡ್ಡು ಬರ್ಲಿಲ್ಲ, ಕಟ್ಟಾಗಿದ್ ಮೆಸೇಜ್ ಮಾತ್ರ ಬಂತು. 20ಕ್ಕೆ ನಮ್ ಬ್ಯಾಂಕಿನ ಪೋರ್ಟಲಲ್ಲಿ ಕಂಪ್ಲೇಂಟ್ ಹಾಕಿದೆ, 25ಕ್ಕೆ ‘ಟ್ರಾನ್ಸಾಕ್ಷನ್ ಸಕ್ಸಸ್‌ಫುಲ್’ ಅಂತ ಹೇಳಿ ಕ್ಲೋಸ್ ಮಾಡಿದಾರೆ. ನಾನು ಬರ್ದಿದ್ದನ್ನೂ ಕಳ್ಸಿದೀನಿ ನೋಡಿ. ಇನ್ನೊಂದ್ ಸಲ ಹಾಕೋದಾದ್ರೆ ಹೆಂಗೆ ಬರೀಬೇಕು?

ಉತ್ತರ: ನಮಸ್ಕಾರ. ಏನೇ ಬರೆಯೋಕೆ ಮುಂಚೆ ಒಂದ್ ಕೆಲಸ ಮಾಡಿ, ಇವತ್ತಿನ ತನಕದ ಸ್ಟೇಟ್‌ಮೆಂಟ್ ತೆಗೆದು 18ರಿಂದ ಈಚೆಗೆ ಪ್ರತಿ ಸಾಲೂ ನೋಡಿ, ಹತ್ತು ಸಾವಿರ ವಾಪಸ್ ಜಮಾ ಆಗಿದೆಯಾ ಅಂತ. ಎಷ್ಟೋ ಸಲ ದೂರು ಒಂದ್ ಕಡೆ ಕ್ಲೋಸ್ ಆಗಿರುತ್ತೆ, ದುಡ್ಡು ಇನ್ನೊಂದ್ ಕಡೆಯಿಂದ ತಾನಾಗೇ ವಾಪಸ್ ಬಂದಿರುತ್ತೆ, ಮೆಸೇಜ್ ಬರದೆ ಇರೋದ್ರಿಂದ ಜನಕ್ಕೆ ಗೊತ್ತೇ ಆಗಿರಲ್ಲ. ಬಂದಿಲ್ಲ ಅಂತ ಖಾತ್ರಿ ಆದ್ಮೇಲೆ ಮುಂದಿನದ್ದು.

ನೀವು ಕಳಿಸಿದ ದೂರು ಪೂರ್ತಿ ಓದಿದೆ. ನಾನು ಬ್ಯಾಂಕಲ್ಲಿ ಇಂಥ ದೂರುಗಳನ್ನ ಓದೋ ಸೀಟಲ್ಲಿ ವರ್ಷಗಟ್ಟಲೆ ಕೂತಿದ್ದವನು, ಅದಕ್ಕೇ ಓದೋರ ಕಡೆಯಿಂದ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ಹೊಸನಗರದಿಂದ ಬಸ್ ಹತ್ತಿದ್ದು, ಮಳೆ, ಅಡಿಕೆ ಔಷಧಿ ಹೊಡೆಯೋರಿಗೆ ಕೂಲಿ ಕೊಡಬೇಕಿತ್ತು ಅನ್ನೋದು, ಕರೆಂಟ್ ಹೋಗಿದ್ದು, ಶಾಖೆಗೆ ಹೋದ್ರೆ ಅಲ್ಲಿನ ಮೇಡಂ ಸರಿಯಾಗಿ ಮಾತಾಡ್ಲಿಲ್ಲ ಅನ್ನೋದು, ಎಲ್ಲಾ ನಿಜ, ಎಲ್ಲಾ ಸಂಕಟದ್ದೇ. ಆದ್ರೆ ಅದ್ರಲ್ಲಿ ತಾರೀಖು ‘ಮೊನ್ನೆ ಬುಧವಾರ’ ಅಂತಿದೆ, ಮೊತ್ತ ‘ನನ್ನ ದುಡ್ಡು’ ಅಂತಿದೆ, ಎಟಿಎಂ ಯಾವ್ದು ಅಂದ್ರೆ ‘ಸಾಗರದ ಎಟಿಎಂ’, ಕೊನೇಲಿ ‘ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಿ’. ಆ ಕಡೆ ಕೂತೋರು ನಿಮ್ಮ ಖಾತೆ ತೆಗೆದು ಆ ವಾರದಲ್ಲಿ ಇದ್ದ ಒಂದ್ ವಿತ್‌ಡ್ರಾ ನೋಡಿ, ಸಿಸ್ಟಮ್ಮಲ್ಲಿ ಅದು ಸಕ್ಸಸ್ ಅಂತ ತೋರಿಸ್ತಿದ್ರೆ ಅಷ್ಟನ್ನೇ ಬರೆದು ಮುಚ್ಚಿಬಿಡ್ತಾರೆ. ಇದು ಸರಿ ಅಂತ ನಾನ್ ಹೇಳ್ತಿಲ್ಲ, ಆದ್ರೆ ಸೂಕ್ತ ಕ್ರಮ ಅಂದ್ರೆ ಏನು ಅಂತ ನೀವು ಹೇಳದೆ ಇದ್ದಾಗ ಒಂದ್ ಸಲ ರೆಕಾರ್ಡ್ ನೋಡಿದ್ದೇ ಕ್ರಮ ಅಂತ ಆಗೋಗುತ್ತೆ.

ಹಂಗಾಗಿ ಈ ಸಲ ದೂರು ಎರಡು ಕೆಲಸ ಮಾಡಬೇಕು. ಓದೋರು ಹುಡುಕೋ ಹಂಗಿಲ್ಲದೆ ನೇರ ಅದೇ ಒಂದು ರೆಕಾರ್ಡಿಗೆ ಹೋಗಬೇಕು, ಮತ್ತೆ ‘ಸಕ್ಸಸ್‌ಫುಲ್’ ಅಂತ ಒಂದೇ ಪದ ಹಾಕಿದ್ರೆ ಉತ್ತರ ಪೂರ್ತಿ ಆಗದೆ ಇರೋ ಥರ ನೀವು ಕೇಳಿರಬೇಕು.

ಸಕ್ಸಸ್‌ಫುಲ್ ಅಂತ ಯಾಕ್ ಬಂತು ಅನ್ನೋದನ್ನ ಮೊದಲು ಹೇಳ್ತೀನಿ, ಅದು ಗೊತ್ತಾದ್ರೆ ಏನ್ ಕೇಳಬೇಕು ಅನ್ನೋದು ತಾನೇ ಗೊತ್ತಾಗುತ್ತೆ. ನಿಮ್ಮ ಕಾರ್ಡು ಒಂದು ಬ್ಯಾಂಕಿಂದು, ಎಟಿಎಂ ಇನ್ನೊಂದು ಬ್ಯಾಂಕಿಂದು. ನೀವು ಹತ್ತು ಸಾವಿರ ಅಂತ ಒತ್ತಿದಾಗ ಆ ಮಷೀನು ಬ್ಯಾಂಕುಗಳನ್ನ ಒಂದಕ್ಕೊಂದು ಜೋಡಿಸೋ ಎನ್‌ಪಿಸಿಐ ನೆಟ್‌ವರ್ಕ್ ಮೂಲಕ ನಿಮ್ಮ ಬ್ಯಾಂಕನ್ನ ಕೇಳುತ್ತೆ, ನಿಮ್ಮ ಬ್ಯಾಂಕು ಖಾತೆಯಿಂದ ಕಟ್ ಮಾಡಿ ಸರಿ ಕೊಡು ಅನ್ನುತ್ತೆ, ಆಮೇಲೆ ಮಷೀನು ನೋಟು ಎಣಿಸಿ ಹೊರಗೆ ತಳ್ಳುತ್ತೆ. ಅಂದ್ರೆ ಖಾತೆಯಿಂದ ಕಟ್ ಆಗೋದು ಮೊದಲು, ನೋಟು ಬರೋದು ಆಮೇಲೆ. ನಿಮ್ಮ ಬ್ಯಾಂಕಿನ ಸಿಸ್ಟಮ್ಮಿಗೆ ನೋಟು ನಿಜವಾಗ್ಲೂ ನಿಮ್ಮ ಕೈಗೆ ಬಂತಾ ಅನ್ನೋದು ಕಾಣಲ್ಲ, ಕಟ್ಟಾಯ್ತು, ವಾಪಸ್ ಮಾಡು ಅನ್ನೋ ಸಂದೇಶ ಬರ್ಲಿಲ್ಲ, ಹಂಗಾಗಿ ಸಕ್ಸಸ್. ನೋಟಿನ ಕಥೆ ಗೊತ್ತಿರೋದು ಎಟಿಎಂ ಬ್ಯಾಂಕಿಗೆ. ಅವರ ಹತ್ರ ಇಜೆ ಲಾಗ್ ಅಂತ ಇರುತ್ತೆ, ಇಜೆ ಅಂದ್ರೆ ಎಲೆಕ್ಟ್ರಾನಿಕ್ ಜರ್ನಲ್, ಮಷೀನು ಪ್ರತಿ ಹೆಜ್ಜೆಗೂ ತಾನೇ ಬರ್ಕೊಳ್ಳೋ ದಿನಚರಿ. ಕಾರ್ಡ್ ಹಾಕಿದ್ದು, ಎಷ್ಟು ಕೇಳಿದ್ದು, ಯಾವ ಡಬ್ಬದಿಂದ ಎಷ್ಟು ನೋಟು ಎಣಿಸಿದ್ದು, ನೋಟು ಬಾಯಿಗೆ ತಂದಿದ್ದು, ಎಲ್ಲಿ ಎರರ್ ಬಂತು ಎಲ್ಲಾ ಅದ್ರಲ್ಲಿ ಬೀಳುತ್ತೆ. ಅದ್ರ ಜೊತೆ ಇನ್ನೊಂದಿದೆ, ಕ್ಯಾಶ್ ಟ್ಯಾಲಿ. ದುಡ್ಡು ತುಂಬಕ್ಕೆ ಬಂದಾಗ ಮಷೀನಲ್ಲಿ ಇರಬೇಕಾದ ದುಡ್ಡು ಎಷ್ಟು, ಇರೋದು ಎಷ್ಟು ಅಂತ ತಾಳೆ ನೋಡ್ತಾರೆ. ನಿಮ್ಮ ಹತ್ತು ಸಾವಿರ ಒಳಗೇ ಉಳಿದಿದ್ರೆ ಅಥವಾ ರಿಜೆಕ್ಟ್ ಡಬ್ಬಕ್ಕೆ ಬಿದ್ದಿದ್ರೆ ಅಲ್ಲಿ ಹತ್ತು ಸಾವಿರ ಜಾಸ್ತಿ ಬರುತ್ತೆ, ತಪ್ಪಿಸ್ಕೊಳ್ಳಕ್ಕೆ ಆಗಲ್ಲ.

ಇಲ್ಲಿ ನಮ್ಮ ಕಡೆಯ ವಿಶೇಷ ಒಂದಿದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಎಟಿಎಂ ರೂಮಿನ ಲೈಟು ಆರಿದ್ರೂ ಯುಪಿಎಸ್ ಬ್ಯಾಟರಿ ಸ್ವಲ್ಪ ಜೀವ ಇದ್ರೆ ಮಷೀನು ಎಣಿಸ್ತಾನೇ ಇರುತ್ತೆ, ಬ್ಯಾಟರಿ ಸತ್ತಿದ್ರೆ ಅರ್ಧಕ್ಕೇ ನಿಲ್ಲುತ್ತೆ, ಕೆಲವೊಮ್ಮೆ ಮಷೀನು ಇದ್ದಂಗೇ ಇದ್ದು ನೆಟ್‌ವರ್ಕ್ ಮಾತ್ರ ಕಟ್ ಆಗಿರುತ್ತೆ. ಈ ಮೂರರಲ್ಲಿ ಯಾವ್ದು ಆಯ್ತು ಅನ್ನೋದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಇಜೆ ಲಾಗಿಗೆ ಗೊತ್ತು. ಅದಕ್ಕೆ ದೂರಿನಲ್ಲಿ ‘ಮಷೀನ್ ಕೆಟ್ಟಿತ್ತು’, ‘ಒಳಗಿನೋರೇ ದುಡ್ಡು ಹೊಡ್ದಿದಾರೆ’ ಅಂತೆಲ್ಲಾ ಬರೀಲೇಬೇಡಿ. ನೀವು ಕಣ್ಣಲ್ಲಿ ನೋಡಿದ್ದು, ಕಿವೀಲಿ ಕೇಳಿದ್ದು ಅಷ್ಟೇ ಬರೀರಿ. ಊಹೆ ಒಂದು ಸೇರಿಸಿದ್ರೆ ಅವರು ಆ ಊಹೆಗೆ ಉತ್ತರ ಕೊಟ್ಟು ಸುಮ್ಮನಾಗ್ತಾರೆ, ‘ಆ ದಿನ ಮಷೀನಲ್ಲಿ ದೋಷ ಇರಲಿಲ್ಲ’ ಅಂತ.

ಈಗ ವಿಷಯಗಳನ್ನ ಕೂಡಿಸ್ಕೊಳ್ಳೋಣ. ತಾರೀಖು, ಟೈಮು ಎರಡನ್ನೂ ನೆನಪಿಂದ ಬರೀಬೇಡಿ, ಕಟ್ಟಾದ ಮೆಸೇಜಲ್ಲಿ ಇದ್ದಿದ್ದನ್ನ ಇದ್ದಂಗೆ ಬರೀರಿ. ಸ್ಟೇಟ್‌ಮೆಂಟಲ್ಲಿ ಬೇರೆ ತಾರೀಖು ಇದ್ರೆ, ರಾತ್ರಿ ಹೊತ್ತು ತೆಗೆದಿದ್ರೆ ಅಥವಾ ರಜೆ ಬಂದಿದ್ರೆ ಹಂಗೆ ಆಗುತ್ತೆ, ಎರಡನ್ನೂ ಬರೀರಿ, ‘ವ್ಯವಹಾರ ಆಗಿದ್ದು ಇಂಥ ದಿನ, ಸ್ಟೇಟ್‌ಮೆಂಟಲ್ಲಿ ಕಾಣೋದು ಇಂಥ ದಿನ’ ಅಂತ. ಮೊತ್ತ ಅಂಕೇಲಿ ಒಂದ್ ಸಲ, ಅಕ್ಷರದಲ್ಲಿ ಒಂದ್ ಸಲ. ನಿಮ್ಮದು ಪೂರ್ತಿ ಬಂದಿಲ್ಲ, ಸುಲಭ. ಕೆಲವರಿಗೆ ಹತ್ತು ಸಾವಿರ ಕೇಳಿದ್ರೆ ಏಳು ಸಾವಿರ ಬಂದಿರುತ್ತೆ, ಅವರು ಕೇಳಿದ್ದು, ಬಂದಿದ್ದು, ಬರದೆ ಉಳಿದಿದ್ದು ಮೂರನ್ನೂ ಬೇರೆ ಬೇರೆ ಬರೀಬೇಕು, ಇಲ್ಲಾಂದ್ರೆ ಹತ್ತು ಸಾವಿರ ಬಂದಿಲ್ಲ ಅಂತ ಬರೆದು ಕ್ಯಾಮೆರಾದಲ್ಲಿ ನೋಟು ತಗೊಂಡಿದ್ದು ಕಂಡ್ರೆ ಇಡೀ ದೂರೇ ಸುಳ್ಳು ಅಂತಾಗುತ್ತೆ.

ಎಲ್ಲಕ್ಕಿಂತ ಮುಖ್ಯ ರೆಫರೆನ್ಸ್ ನಂಬರು. ಆರ್‌ಆರ್‌ಎನ್ ಅಂತಾರೆ, 12 ಅಂಕೆ ಇರುತ್ತೆ, ಎಟಿಎಂ ಚೀಟಿ ಬಂದಿದ್ರೆ ಅದ್ರಲ್ಲಿರುತ್ತೆ, ಇಲ್ಲಾಂದ್ರೆ ಸ್ಟೇಟ್‌ಮೆಂಟಲ್ಲಿ ಆ ವ್ಯವಹಾರದ ವಿವರದ ಸಾಲಲ್ಲಿ ಉದ್ದಕ್ಕೆ ನಂಬರು ಇರುತ್ತಲ್ಲ, ಅಲ್ಲಿ ನೋಡಿ. ಸಿಗದಿದ್ರೆ ನಿಮ್ಮ ಶಾಖೆಗೆ ಹೋಗಿ ‘ಈ ವಿತ್‌ಡ್ರಾದ ಆರ್‌ಆರ್‌ಎನ್ ಬರೆದುಕೊಡಿ’ ಅಂತ ಅಷ್ಟೇ ಕೇಳಿ, ಕಥೆ ಹೇಳಕ್ಕೆ ಹೋಗ್ಬೇಡಿ, ನಂಬರ್ ಕೊಡೋದು ಒಂದ್ ನಿಮಿಷದ ಕೆಲಸ. ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ನಿಮ್ಮ ಬ್ಯಾಂಕು ಎಟಿಎಂ ಬ್ಯಾಂಕಿನ ಮೇಲೆ ದುಡ್ಡು ವಾಪಸ್ ಕೊಡಿ ಅಂತ ಚಾರ್ಜ್‌ಬ್ಯಾಕ್ ಎತ್ತೋದು, ಅವರು ಇಜೆ ಹುಡುಕೋದು ಎಲ್ಲಾ ಈ ನಂಬರಿನ ಮೇಲೇ ನಡೆಯೋದು, ನಿಮ್ಮ ಹೆಸರು ಆ ಕಡೆಯೋರಿಗೆ ಗೊತ್ತೇ ಇರಲ್ಲ. ಎಟಿಎಂ ಐಡಿ ಕೂಡ ಚೀಟೀಲಿ ಇರುತ್ತೆ, ಚೀಟಿ ಬಂದಿಲ್ಲ ಅಂದ್ರೆ ಸಾಗರಕ್ಕೆ ಹೋದಾಗ ಅದೇ ರೂಮಿಗೆ ಹೋಗಿ ಮಷೀನ್ ಮೇಲೋ ಗೋಡೆ ಮೇಲೋ ಸ್ಟಿಕ್ಕರ್ ಇದೆಯಾ ನೋಡಿ, ಫೋಟೋ ತಗೊಳ್ಳಿ. ಅದೂ ಇಲ್ಲಾಂದ್ರೆ ಯಾವ ಬ್ಯಾಂಕು, ಯಾವ ರಸ್ತೆ, ಯಾವುದ್ರ ಪಕ್ಕ ಅಂತ ಬರೀರಿ, ಸಾಗರದಲ್ಲಿ ಎಟಿಎಂ ಒಂದೇ ಅಲ್ವಲ್ಲ.

ಖಾತೆ ನಂಬರು ಕೇಳೋ ಬಾಕ್ಸ್ ಪೋರ್ಟಲಲ್ಲಿ ಬೇರೆ ಇರುತ್ತೆ, ಅಲ್ಲಿ ಪೂರ್ತಿ ಹಾಕಿ. ವಿವರದ ಬಾಕ್ಸಲ್ಲಿ ಖಾತೆ, ಕಾರ್ಡು ಎರಡಕ್ಕೂ ಕೊನೆಯ ನಾಲ್ಕಂಕೆ ಸಾಕು. ಪಿನ್, ಸಿವಿವಿ, ಓಟಿಪಿ ಯಾವ ದೂರಿಗೂ ಬೇಡ. ಪೋರ್ಟಲ್ ತೆರೆಯೋವಾಗ ನಿಮ್ಮ ಮೊಬೈಲ್ ಖಾತ್ರಿ ಮಾಡಕ್ಕೆ ಒಂದ್ ಓಟಿಪಿ ಬರುತ್ತೆ, ಅದನ್ನ ಆ ಪುಟದಲ್ಲೇ ಹಾಕೋದು, ಆಮೇಲೆ ‘ನಿಮ್ಮ ದೂರಿನ ಬಗ್ಗೆ’ ಅಂತ ಯಾರಾದ್ರೂ ಫೋನ್ ಮಾಡಿ ಓಟಿಪಿ ಕೇಳಿದ್ರೆ ಅವರು ಬ್ಯಾಂಕಿನೋರಲ್ಲ. ದೂರಿನ ಟಿಕೆಟ್ ನಂಬರನ್ನ ಫೇಸ್‌ಬುಕ್ಕಲ್ಲಿ ಹಾಕಿ ಬ್ಯಾಂಕಿಗೆ ಬೈಯೋರಿಗೆ ಇಂಥ ಫೋನು ಬೇಗ ಬರುತ್ತೆ, ಅದಂತೂ ಮಾಡ್ಲೇಬೇಡಿ ಮಾರಾಯ್ರೆ.

ನೋಡಿದ್ದನ್ನ ಬರೆಯೋ ಜಾಗದಲ್ಲಿ ನೀವು ‘ತುಂಬಾ ಹೊತ್ತು ಕಾದೆ’ ಅಂತ ಬರ್ದಿದೀರಿ. ನಿಮ್ಮ ಇಡೀ ದೂರಲ್ಲಿ ನಿಜವಾಗ್ಲೂ ತೂಕ ಇರೋ ಮಾತು ಅದೇ, ಅದನ್ನೇ ಸಡಿಲ ಬಿಟ್ಟಿದೀರಿ. ಯಾಕಂದ್ರೆ ಇಂಥ ಕೇಸಲ್ಲಿ ಬ್ಯಾಂಕಿನೋರು ಕೇಳೋ ಮೊದಲ ಪ್ರಶ್ನೆ, ನೀವು ಹೊರಗೆ ಹೋದ್ಮೇಲೆ ಕರೆಂಟ್ ಬಂದು ನೋಟು ಹೊರಗೆ ಬಿದ್ದು ಹಿಂದಿದ್ದೋರು ಯಾರಾದ್ರೂ ತಗೊಂಡ್ರಾ ಅನ್ನೋದು. ಅದಕ್ಕೆ ಎಷ್ಟು ನಿಮಿಷ ನಿಂತಿದ್ರಿ, ಕರೆಂಟ್ ವಾಪಸ್ ಬಂದಾಗ ಅಲ್ಲೇ ಇದ್ರಾ, ಸ್ಕ್ರೀನಲ್ಲಿ ಏನು ಬಂತು, ನೋಟು ಬರೋ ಬಾಗಿಲು ತೆಗೀತಾ ಇಲ್ವಾ, ನೀವು ಹೊರಡೋವಾಗ ಒಳಗೆ ಬೇರೆ ಯಾರಾದ್ರೂ ಇದ್ರಾ, ಇಷ್ಟನ್ನ ಸರಿಯಾಗಿ ನೆನಪು ಮಾಡ್ಕೊಂಡು ಬರೀರಿ. ನೆನಪಿಲ್ಲದಿದ್ರೆ ‘ಸುಮಾರು’ ಅಂತ ಹಾಕಿ, ಆದ್ರೆ ನಿಂತೇ ಇಲ್ಲ ಅಂದ್ರೆ ನಿಂತಿದ್ದೆ ಅಂತ ಬರೀಬೇಡಿ, ಕ್ಯಾಮೆರಾ ಇರುತ್ತೆ. ನಿಜವಾಗ್ಲೂ ನೀವು ತಕ್ಷಣ ಹೊರಟಿದ್ದು, ಆಮೇಲೆ ನೋಟು ಬಂದು ಬೇರೆಯೋರು ತಗೊಂಡಿದ್ದಾಗಿದ್ರೆ ಈ ದೂರು ಗೆಲ್ಲೋದು ಕಷ್ಟ, ಅದನ್ನ ಈಗ್ಲೇ ಹೇಳಿಬಿಡ್ತೀನಿ, ಆಗ ಅದು ಬ್ಯಾಂಕ್ ದೂರಲ್ಲ, ಪೊಲೀಸ್ ಸ್ಟೇಷನ್ ವಿಷಯ.

ಇನ್ನು ಏನ್ ಬೇಕು ಅಂತ ಕೇಳೋದು. ಇಲ್ಲಿ ರಿಸರ್ವ್ ಬ್ಯಾಂಕಿನ ಒಂದು ಸುತ್ತೋಲೆ ನಿಮ್ಮ ಕೈಲಿರಬೇಕು, 2019ರ ಸೆಪ್ಟೆಂಬರ್ 20ರದ್ದು, ವ್ಯವಹಾರ ಫೇಲ್ ಆದ್ರೆ ಎಷ್ಟು ದಿನದಲ್ಲಿ ದುಡ್ಡು ವಾಪಸ್ ಮಾಡಬೇಕು, ತಡ ಆದ್ರೆ ಎಷ್ಟು ಪರಿಹಾರ ಅನ್ನೋದು ಅದ್ರಲ್ಲಿದೆ, ಆ ವರ್ಷದ ಅಕ್ಟೋಬರ್ 15ರಿಂದ ಜಾರಿ. ಎಟಿಎಂನಲ್ಲಿ ಖಾತೆಯಿಂದ ಕಟ್ಟಾಗಿ ದುಡ್ಡು ಬರದೆ ಇದ್ರೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ತಾನಾಗೇ ವಾಪಸ್ ಹಾಕಬೇಕು, ಆ ಐದು ದಿನ ದಾಟಿದ್ಮೇಲೆ ಪ್ರತಿ ದಿನಕ್ಕೆ 100 ರೂಪಾಯಿ ಖಾತೆದಾರರಿಗೆ ಕೊಡಬೇಕು, ಅದಕ್ಕೆ ಗ್ರಾಹಕರು ದೂರು ಕೊಡೋ ತನಕ ಕಾಯೋ ಹಂಗೂ ಇಲ್ಲ. ದಿನ ಅಂದ್ರೆ ಕ್ಯಾಲೆಂಡರ್ ದಿನ, ಭಾನುವಾರ ಹಬ್ಬ ಎಲ್ಲಾ ಸೇರಿ. ಕನೆಕ್ಷನ್ ಕಡಿದು ಹೋಗಿದ್ದು, ಟೈಮ್‌ಔಟ್ ಆಗಿದ್ದು, ಮಷೀನಲ್ಲಿ ದುಡ್ಡು ಇಲ್ಲದೆ ಇದ್ದಿದ್ದು, ಅಂದ್ರೆ ಗ್ರಾಹಕರ ತಪ್ಪಲ್ಲದ ಕಾರಣಗಳೆಲ್ಲಾ ಇದರೊಳಗೆ ಬರುತ್ತೆ.

ನಿಮ್ಮ ಲೆಕ್ಕ ನೋಡಿ. ವ್ಯವಹಾರ ಜೂನ್ 18, ಐದು ದಿನ ಅಂದ್ರೆ ಜೂನ್ 23ರ ತನಕ ಅವರಿಗೆ ಟೈಮು. 24ರಿಂದ ತಡ ಶುರು. ನೀವು ಜುಲೈ 3ಕ್ಕೆ ಎರಡನೇ ದೂರು ಹಾಕ್ತೀರಿ ಅಂತ ಇಟ್ಕೊಳ್ಳೋಣ, ಜೂನ್ 24ರಿಂದ 30ರ ತನಕ ಏಳು ದಿನ, ಜುಲೈ 1ರಿಂದ 3 ಮೂರು ದಿನ, ಒಟ್ಟು ಹತ್ತು ದಿನ, ಆ ದಿನದ ಹೊತ್ತಿಗೆ 1,000 ರೂಪಾಯಿ. ಈ ಲೆಕ್ಕ ದೂರಲ್ಲಿ ಬಿಡಿಸಿ ಬರೀಬೇಕು, ‘ನಿಯಮದ ಪ್ರಕಾರ ಪರಿಹಾರ ಕೊಡಿ’ ಅಂದ್ರೆ ಯಾರೂ ಕೂಡಕ್ಕೆ ಹೋಗಲ್ಲ. ಮತ್ತೆ ಒಂದು ವಿಷಯ, ಸ್ಟೇಟ್‌ಮೆಂಟ್ ನೋಡಿದಾಗ ಹತ್ತು ಸಾವಿರ ಜೂನ್ 27ಕ್ಕೆ ವಾಪಸ್ ಬಂದಿರೋದು ಕಂಡ್ರೆ, ಅಸಲು ಬಂತಲ್ಲ ಅಂತ ಬಿಡಬೇಡಿ, 24ರಿಂದ 27ಕ್ಕೆ ನಾಲ್ಕು ದಿನ, 400 ರೂಪಾಯಿ ನಿಮಗೆ ಬರಬೇಕಾದ್ದೇ, ಅದೊಂದನ್ನೇ ಕೇಳಿ ಚಿಕ್ಕ ದೂರು ಹಾಕಬಹುದು. ಆದ್ರೆ ವ್ಯವಹಾರ ನಿಜವಾಗ್ಲೂ ಫೇಲ್ ಆಗಿತ್ತು ಅಂತ ತೀರ್ಮಾನ ಆದ್ರೆ ಮಾತ್ರ ಈ ನೂರು ನೂರು ರೂಪಾಯಿ, ಅಸಲಿನ ಜೊತೆಗೇ ಅದರ ಹಣೆಬರಹ.

ಅಸಲು ಒಂದು, ಪರಿಹಾರ ಎರಡು. ಮೂರನೇದು ನೀವು ಮೊದಲ ದೂರಲ್ಲಿ ಕೇಳದೆ ಇದ್ದಿದ್ದು, ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿಯಾದ್ದು: ಒಂದು ವೇಳೆ ದೂರು ಒಪ್ಪಲ್ಲ ಅಂದ್ರೆ ಯಾವ ದಾಖಲೆ ನೋಡಿ ಒಪ್ಪಲ್ಲ ಅಂದ್ರಿ ಅಂತ ಬರೆದು ತಿಳಿಸಿ ಅನ್ನೋದು. ಆ ವ್ಯವಹಾರದ ಇಜೆ ಲಾಗಿನ ಪ್ರತಿ, ಆ ದಿನದ ನಂತರದ ಕ್ಯಾಶ್ ಟ್ಯಾಲೀಲಿ ಜಾಸ್ತಿ ದುಡ್ಡು ಬಂತಾ ಇಲ್ವಾ, ಮತ್ತೆ ಆ ಹೊತ್ತಿನ ಸಿಸಿಟಿವಿ ನೋಡಿದಾರಾ, ಅದ್ರಲ್ಲಿ ಏನ್ ಕಂಡಿದೆ. ಸಿಸಿಟಿವಿ ರೆಕಾರ್ಡಿಂಗನ್ನ ನಿಮ್ಮ ಕೈಗೇ ಕೊಡಿ ಅಂತ ಕೇಳಿದ್ರೆ ಬೇರೆ ಗ್ರಾಹಕರೂ ಇರ್ತಾರೆ ಅನ್ನೋ ಕಾರಣಕ್ಕೆ ಸಾಮಾನ್ಯವಾಗಿ ಕೊಡಲ್ಲ. ಅದಕ್ಕೆ ‘ಅಳಿಸಿ ಹೋಗದಂತೆ ತೆಗೆದಿಡಿ, ನೀವು ನೋಡಿ ಏನಿದೆ ಅಂತ ಬರೆಯಿರಿ’ ಅಂತ ಕೇಳಿ. ರೆಕಾರ್ಡಿಂಗ್ ಶಾಶ್ವತ ಇಟ್ಕೊಂಡಿರಲ್ಲ, ದಿನ ಕಳೆದಂಗೆ ಹಳೇದ್ರ ಮೇಲೆ ಹೊಸದು ಬೀಳುತ್ತೆ, ಹಂಗಾಗಿ ಈ ಮಾತು ಬೇಗ ಬರವಣಿಗೇಲಿ ಹೋಗಬೇಕು. ಆಮೇಲೆ ರೆಕಾರ್ಡಿಂಗ್ ಇಲ್ಲ ಅಂದ್ರೂ ನೀವು ಯಾವತ್ತು ತೆಗೆದಿಡಿ ಅಂದಿದ್ರಿ ಅನ್ನೋದು ದಾಖಲೆಯಲ್ಲಿ ಇರುತ್ತೆ.

ಕೇಳಬಾರದ್ದು ಅಂದ್ರೆ ಶಾಖೆಯ ಮೇಡಂ ಮೇಲೆ ಕ್ರಮ, ಮಾನಸಿಕ ಹಿಂಸೆಗೆ ಐವತ್ತು ಸಾವಿರ, ಇಂಥವು. ನಿಮಗೆ ಬೇಜಾರಾಗಿಲ್ಲ ಅಂತಲ್ಲ. ಪೋರ್ಟಲಲ್ಲಿ ದೂರು ನೋಡೋ ಎಟಿಎಂ ಡೆಸ್ಕಿಗೆ ಅದನ್ನ ಮಂಜೂರು ಮಾಡೋ ಅಧಿಕಾರ ಇಲ್ಲ, ಸಿಬ್ಬಂದಿ ವರ್ತನೆ ಅನ್ನೋ ಪದ ಕಂಡ್ರೆ ದೂರು ಅಲ್ಲಿಂದ ನಿಮ್ಮ ಶಾಖೆಗೇ ವರ್ಗ ಆಗೋ ಸಾಧ್ಯತೆ ಇದೆ, ಶಾಖೆಯವರು ‘ಗ್ರಾಹಕರ ಹತ್ರ ಮಾತಾಡಿದೀವಿ’ ಅಂತ ಬರೆದು ಮುಚ್ಚಿದ್ರೆ ಹತ್ತು ಸಾವಿರದ ವಿಷಯಾನೂ ಅದ್ರ ಜೊತೆ ಮುಚ್ಚೋಗುತ್ತೆ. ವರ್ತನೆ ಬಗ್ಗೆ ಹೇಳಲೇಬೇಕು ಅಂದ್ರೆ ಬೇರೆ ದೂರು, ಬೇರೆ ದಿನ. ಇದೇ ಕಾರಣಕ್ಕೆ ಕೆಟಗರಿ ಆರಿಸೋವಾಗಲೂ ಹುಷಾರು, ‘ಇತರೆ’ ಅನ್ನೋದು ಸುಲಭ ಅಂತ ಒತ್ತಬೇಡಿ, ಎಟಿಎಂ ಒಳಗೆ ಖಾತೆಯಿಂದ ಕಟ್ಟಾಗಿದೆ ದುಡ್ಡು ಬಂದಿಲ್ಲ ಅನ್ನೋ ಥರದ್ದು ಇರುತ್ತೆ, ಅದ್ರಲ್ಲೂ ಬೇರೆ ಬ್ಯಾಂಕಿನ ಎಟಿಎಂ ಅಂತ ಕೇಳಿದ್ರೆ ಅದನ್ನೇ ಆರಿಸಿ. ದೂರು ಹೋಗಬೇಕಾದ್ದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಎಟಿಎಂ ಇಟ್ಟ ಬ್ಯಾಂಕಿಗಲ್ಲ, ಅದನ್ನ ನೀವು ಸರಿಯಾಗೇ ಮಾಡಿದೀರಿ.

ಈಗ ಇದನ್ನೆಲ್ಲಾ ಸೇರಿಸಿ ನಿಮ್ಮ ದೂರು ಹಿಂಗಿರಬೇಕು ಅಂತ ಬರೆದು ಕೊಡ್ತೀನಿ, ಗೀಟು ಇರೋ ಕಡೆ ನಿಮ್ಮ ನಂಬರು ತುಂಬಿ, ಟೈಮು, ನಿಮಿಷ, ಸ್ಕ್ರೀನು, ಬಾಗಿಲಿನ ವಿಷಯ ನಾನು ಅಂದಾಜಿಗೆ ಹಾಕಿದ್ದು, ನಿಮಗೆ ಆಗಿದ್ದ ಹಂಗೆ ಬದಲಾಯಿಸಿ:

“ವಿಷಯ: ಬೇರೆ ಬ್ಯಾಂಕಿನ ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ 10,000 ರೂ. ಕಡಿತ, ದಿನಾಂಕ 18 ಜೂನ್ 2025, ಆರ್‌ಆರ್‌ಎನ್ ____. ಹಿಂದಿನ ದೂರು ಸಂಖ್ಯೆ ____, 25 ಜೂನ್ 2025ರಂದು ಮುಕ್ತಾಯ, ನನಗೆ ಒಪ್ಪಿಗೆ ಇಲ್ಲ.

ಖಾತೆಯ ಕೊನೆಯ ನಾಲ್ಕಂಕೆ ____, ಕಾರ್ಡಿನ ಕೊನೆಯ ನಾಲ್ಕಂಕೆ ____. 18 ಜೂನ್ 2025, ಸಂಜೆ 4:37ಕ್ಕೆ ಸಾಗರದ ____ ರಸ್ತೆಯಲ್ಲಿರುವ ____ ಬ್ಯಾಂಕಿನ ಎಟಿಎಂನಲ್ಲಿ, ಎಟಿಎಂ ಐಡಿ ____, 10,000 ರೂ. (ಹತ್ತು ಸಾವಿರ) ಕೇಳಿದೆ. ಮಷೀನ್ ನೋಟು ಎಣಿಸುವ ಶಬ್ದ ಬಂತು, ಕರೆಂಟ್ ಹೋಯಿತು, ಸ್ಕ್ರೀನ್ ಆರಿತು. ನೋಟು ಬರುವ ಬಾಗಿಲು ತೆರೆಯಲಿಲ್ಲ, ನೋಟು ಬರಲಿಲ್ಲ, ಚೀಟಿಯೂ ಬರಲಿಲ್ಲ. ಕರೆಂಟ್ ಬರುವ ತನಕ ಸುಮಾರು 15 ನಿಮಿಷ ಒಳಗೇ ನಿಂತಿದ್ದೆ, ಸ್ಕ್ರೀನ್ ಮತ್ತೆ ಶುರುವಾದ ಮೇಲೂ ನೋಟು ಬರಲಿಲ್ಲ. ಆ ಸಮಯದಲ್ಲಿ ಒಳಗೆ ಬೇರೆ ಯಾರೂ ಇರಲಿಲ್ಲ. ಇಂದಿನ ತನಕ ಹಣ ವಾಪಸ್ ಜಮಾ ಆಗಿಲ್ಲ, ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ.

ನನ್ನ ಕೋರಿಕೆ: ಒಂದು, 10,000 ರೂ. ನನ್ನ ಖಾತೆಗೆ ವಾಪಸ್ ಜಮಾ ಮಾಡಿ. ಎರಡು, ರಿಸರ್ವ್ ಬ್ಯಾಂಕಿನ 20 ಸೆಪ್ಟೆಂಬರ್ 2019ರ ಸುತ್ತೋಲೆಯಂತೆ 24 ಜೂನ್‌ನಿಂದ ಜಮಾ ಆಗುವ ದಿನದ ತನಕ ದಿನಕ್ಕೆ 100 ರೂ. ಪರಿಹಾರ ಕೊಡಿ, 3 ಜುಲೈಗೆ ಇದು 10 ದಿನ, 1,000 ರೂ. ಮೂರು, ಒಪ್ಪುವುದಿಲ್ಲ ಎಂದಾದರೆ ಈ ಆರ್‌ಆರ್‌ಎನ್‌ನ ಇಜೆ ಲಾಗ್ ಪ್ರತಿ, ಆ ಎಟಿಎಂನ ಕ್ಯಾಶ್ ಟ್ಯಾಲಿಯ ಫಲಿತಾಂಶ ಮತ್ತು 4:30ರಿಂದ 5:00ರ ತನಕದ ಸಿಸಿಟಿವಿಯಲ್ಲಿ ಕಂಡದ್ದನ್ನು ಬರವಣಿಗೆಯಲ್ಲಿ ತಿಳಿಸಿ. ಆ ರೆಕಾರ್ಡಿಂಗ್ ಅಳಿಸದಂತೆ ಇಡಲು ಎಟಿಎಂ ಬ್ಯಾಂಕಿಗೆ ಇಂದೇ ತಿಳಿಸಬೇಕಾಗಿ ಕೋರುತ್ತೇನೆ.”

ಇಷ್ಟೇ. ಕೂಲಿ ಕೊಡಕ್ಕಾಗ್ಲಿಲ್ಲ ಅನ್ನೋದು ಇಲ್ಲಿಲ್ಲ, ಬೈಗುಳಾನೂ ಇಲ್ಲ, ಆದ್ರೆ ಇದನ್ನ ಓದಿದೋರಿಗೆ ಸುಮ್ನೆ ಮುಚ್ಚಕ್ಕೆ ಕಷ್ಟ ಆಗುತ್ತೆ, ಯಾಕಂದ್ರೆ ಮುಚ್ಚಬೇಕು ಅಂದ್ರೆ ಎಟಿಎಂ ಬ್ಯಾಂಕಿಂದ ದಾಖಲೆ ತರಿಸಲೇಬೇಕು. ಮೊದಲ ಸಾಲಲ್ಲೇ ಹಿಂದಿನ ದೂರಿನ ನಂಬರ್ ಹಾಕಿದ್ದೂ ಬೇಕು ಅಂತಲೇ, ಇಲ್ಲಾಂದ್ರೆ ‘ಇದೇ ವಿಷಯಕ್ಕೆ ಆಗಲೇ ಉತ್ತರ ಕೊಟ್ಟಿದೀವಿ’ ಅಂತ ಡೂಪ್ಲಿಕೇಟ್ ಮಾಡಿ ತೆಗೆದುಹಾಕಬಹುದು. ಹಳೇ ದೂರನ್ನ ರೀಓಪನ್ ಮಾಡೋ ಆಯ್ಕೆ ಇನ್ನೂ ಇದ್ರೆ ಅದನ್ನೇ ಬಳಸಿ, ಇಲ್ಲಾಂದ್ರೆ ಹೊಸದು.

ಬಾಕ್ಸಲ್ಲಿ ಅಕ್ಷರಕ್ಕೆ ಮಿತಿ ಇರುತ್ತೆ, ಕೆಲವು ಪೋರ್ಟಲಲ್ಲಿ ಇಷ್ಟು ಹಿಡಿಯಲ್ಲ. ಆಗ ವಿಷಯದ ಸಾಲು ಮತ್ತೆ ಕೋರಿಕೆಯ ಮೂರು ಮಾತು ಬಾಕ್ಸಲ್ಲಿ ಹಾಕಿ, ಪೂರ್ತಿ ಪತ್ರ ಪಿಡಿಎಫ್ ಮಾಡಿ ಲಗತ್ತಿಸಿ. ಉಲ್ಟಾ ಮಾಡಬೇಡಿ, ‘ವಿವರಕ್ಕೆ ಪತ್ರ ನೋಡಿ’ ಅಂತ ಬಾಕ್ಸಲ್ಲಿ ಬರೆದ್ರೆ ಪತ್ರ ತೆರೆಯೋದೇ ಅನುಮಾನ. ಕೆಲವು ಬಾಕ್ಸ್ ಕನ್ನಡ ಅಕ್ಷರ ತಗೊಳ್ಳಲ್ಲ, ರೂಪಾಯಿ ಚಿಹ್ನೆ, ಬ್ರಾಕೆಟ್ಟು, ಓರೆ ಗೀಟು ಹಾಕಿದ್ರೂ ಎರರ್ ಕೊಡ್ತವೆ, ಅದಕ್ಕೆ ತಾರೀಖನ್ನ ತಿಂಗಳ ಹೆಸರಲ್ಲೇ ಬರೆಯೋದು ಒಳ್ಳೇದು. ಕನ್ನಡ ಹಿಡಿಯದಿದ್ರೆ ಮನೇಲಿ ಓದಿದ ಮಕ್ಕಳ ಹತ್ರ ಇದೇ ಸಾಲುಗಳನ್ನ ಇಂಗ್ಲಿಷಲ್ಲಿ ಬರೆಸಿ, ಜಾಸ್ತಿ ಸೇರಿಸೋದು ಬೇಡ ಅನ್ನಿ. ಲಗತ್ತು ಮೂರು ಸಾಕು: ಆ ದಿನದ ಸಾಲು ಇರೋ ಸ್ಟೇಟ್‌ಮೆಂಟ್, ಕಟ್ಟಾದ ಮೆಸೇಜಿನ ಸ್ಕ್ರೀನ್‌ಶಾಟ್, 25ಕ್ಕೆ ಬಂದ ಉತ್ತರ. ಸಾಗರದಲ್ಲಿ ತೆಗೆದ ಎಟಿಎಂ ಫೋಟೋ ಇದ್ರೆ ನಾಲ್ಕು.

ಸಬ್ಮಿಟ್ ಒತ್ತಿದ್ಮೇಲೆ ಬರೋ ಟಿಕೆಟ್ ನಂಬರಿನ ಪುಟವನ್ನ ಅಲ್ಲೇ ಸ್ಕ್ರೀನ್‌ಶಾಟ್ ತೆಗೀರಿ, ನಮ್ಮ ಕಡೆ ನೆಟ್‌ವರ್ಕಿಗೆ ಮೆಸೇಜ್ ಬರುತ್ತೆ ಅಂತ ನಂಬ್ಕೊಂಡು ಕೂರಕ್ಕಾಗಲ್ಲ. ಆಮೇಲೆ ‘ನಿಮ್ಮ ದೂರು ಪರಿಹಾರ ಆಗಿದೆ, ತೃಪ್ತಿ ಇದೆಯಾ’ ಅಂತ ಮೆಸೇಜೋ ಫೋನೋ ಬಂದ್ರೆ, ದುಡ್ಡು ಖಾತೆಗೆ ಬಿದ್ದಿದೆಯಾ ನೋಡದೆ ಹೌದು ಅನ್ನಬೇಡಿ. ದೊಡ್ಡ ಬ್ಯಾಂಕುಗಳಲ್ಲಿ ದೂರನ್ನ ಪೂರ್ತಿಯೋ ಸ್ವಲ್ಪವೋ ತಿರಸ್ಕರಿಸೋ ಮುಂಚೆ, ತಿರಸ್ಕಾರ ಸರಿಯಾ ಅಂತ ನೋಡೋ ಅವರದ್ದೇ ಆಂತರಿಕ ಓಂಬುಡ್ಸ್‌ಮನ್ ಹತ್ರ ಕಳಿಸಬೇಕು ಅಂತ ನಿಯಮ ಇದೆ. ನೀವು ನೇರ ಅವರ ಹತ್ರ ಹೋಗಕ್ಕಾಗಲ್ಲ, ಆದ್ರೆ ಮತ್ತೆ ತಿರಸ್ಕಾರ ಬಂದ್ರೆ ‘ಆಂತರಿಕ ಓಂಬುಡ್ಸ್‌ಮನ್ ಇದನ್ನ ನೋಡಿದಾರಾ’ ಅಂತ ಒಂದು ಸಾಲು ಕೇಳಬಹುದು.

ಬ್ಯಾಂಕಿನ ಮೇಲಿನ ದೂರು ತೀರ್ಮಾನ ಮಾಡೋ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ನಿಗೆ ಹೋಗೋದು cms.rbi.org.in ಮೂಲಕ, ಫೀಸಿಲ್ಲ, ವಕೀಲರು ಬೇಡ. ಬ್ಯಾಂಕಿಗೆ ಬರವಣಿಗೇಲಿ ದೂರು ಕೊಟ್ಟು 30 ದಿನ ಉತ್ತರ ಇಲ್ಲದೆ ಕಳೆದಿರಬೇಕು, ಇಲ್ಲಾ ಬ್ಯಾಂಕು ತಿರಸ್ಕರಿಸಿರಬೇಕು. ನಿಮಗೆ 25ಕ್ಕೇ ತಿರಸ್ಕಾರ ಬಂದಿರೋದ್ರಿಂದ ಈಗ್ಲೇ ಹೋಗಬಹುದು. ಆದ್ರೂ ನಾನು ಮೊದಲು ಈ ಎರಡನೇ ದೂರು ಹಾಕಿ ಅಂತೀನಿ, ಯಾಕಂದ್ರೆ ಮೊದಲನೇದ್ರಲ್ಲಿ ನೀವು ಪರಿಹಾರಾನೂ ಕೇಳಿಲ್ಲ, ದಾಖಲೆನೂ ಕೇಳಿಲ್ಲ. ಅದನ್ನೇ ಹಿಡ್ಕೊಂಡು ಮೇಲೆ ಹೋದ್ರೆ ಅಲ್ಲಿ ಬ್ಯಾಂಕು ನಮ್ಮನ್ನ ಇದನ್ನ ಕೇಳಿರಲೇ ಇಲ್ಲ ಅನ್ನಬಹುದು. ಎರಡನೇ ದೂರಿಗೂ ‘ಸಕ್ಸಸ್‌ಫುಲ್’ ಅಂತಲೇ ಬಂದ್ರೆ ಅವತ್ತೇ ಹೋಗಿ. ಏನೂ ಬರ್ಲಿಲ್ಲ ಅಂದ್ರೆ ಆಗಸ್ಟ್ ಮೊದಲ ವಾರ ದಾಟಿಸಬೇಡಿ. ಬ್ಯಾಂಕಲ್ಲಿ ಹಾಕಿದ ದಿನವೇ ಅಲ್ಲೂ ಹಾಕಿಬಿಡೋಣ ಅಂತ ಕೆಲವರು ಮಾಡ್ತಾರೆ, ಬ್ಯಾಂಕಿಗೆ ಟೈಮೇ ಕೊಟ್ಟಿಲ್ಲ ಅಂತ ಅದು ಅಲ್ಲೇ ಬಿದ್ದೋಗುತ್ತೆ.

ಆ ಫಾರ್ಮಲ್ಲೂ ಕೇಳೋದು ಇವೇ, ಬ್ಯಾಂಕಿಗೆ ದೂರು ಕೊಟ್ಟ ದಿನ, ದೂರಿನ ನಂಬರು, ವ್ಯವಹಾರದ ವಿವರ, ಎಷ್ಟು ಮೊತ್ತ ಬೇಕು. ಮೇಲಿನ ಪತ್ರವನ್ನೇ ಇಟ್ಕೊಂಡು ಪರಿಹಾರದ ದಿನಗಳನ್ನ ಅವತ್ತಿಗೆ ಮತ್ತೆ ಲೆಕ್ಕ ಹಾಕಿ, ಎರಡೂ ಟಿಕೆಟ್ ನಂಬರ್ ಹಾಕಿ, ಬ್ಯಾಂಕಿನ ಎರಡೂ ಉತ್ತರ ಲಗತ್ತಿಸಿ. ತುಂಬೋವಾಗ ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.